ಡೂ ಆರ್ ಡೈ ಬೇರೆ ಎಣಿಸಿದಾಗ ಕಂಡ ಲೆಕ್ಕ

ಶಹಾಪುರದ ನಮ್ಮ ಹುಡುಗರ ತಂಡದಲ್ಲಿ 7ನೇ ನಂಬರಿನವನೇ ಒಳ್ಳೆ ರೈಡರ್ ಅಂತ ಎಲ್ಲರ ನಂಬಿಕೆ. ವಿಡಿಯೋ ನೋಡಿ ರೈಡ್ ಬರೆದಿಡ್ತೀನಿ ಅಂದಾಗ ಹಿರಿಯ ಕೋಚ್ ಒಬ್ಬರು ನಕ್ಕರು. "ಸರ್, ಕಬಡ್ಡಿ ಕಣ್ಣಿಂದ ನೋಡೋ ಆಟ, ಲೆಕ್ಕದ್ದಲ್ಲ" ಅಂದರು. ಈಗ ಅದೇ ಹಾಳೆ ಕೇಳಿ ಇಸ್ಕೊಂಡು ಹೋಗ್ತಾರೆ.

ಮೊದಲು ಮದುವೆ ವಿಡಿಯೋ ತೆಗೆಯುವವರನ್ನು ಕರೆಸಿದ್ದೆವು. ಸುಮಾರು ಮೂರು ಸಾವಿರ ನೀರಿಗೆ ಹೋಯಿತು. ಅವರು ರೈಡರ್‌ನನ್ನೇ ಜೂಮ್ ಮಾಡುತ್ತಾರೆ, ಎದುರಿಗೆ ಎಷ್ಟು ಜನ ಇದ್ದರು ಅಂತ ತಿಳಿಯುವುದೇ ಇಲ್ಲ. ಆಮೇಲೆ ಏಳೆಂಟು ನೂರರ ಟ್ರೈಪಾಡ್ ತಂದು, ನಡುಗೆರೆಗೆ ನೇರವಾಗಿ, ಶಾಲೆಯ ಮಹಡಿ ವರಾಂಡದಿಂದ ಮೊಬೈಲ್ ನಿಲ್ಲಿಸಿದೆ. ಇಡೀ ಅಂಕಣ ಬಂತು. ಬೋನಸ್ ಮಾತ್ರ ಅನುಮಾನವೇ. ಹಿಂದಿನ ಕಾಲು ಎದ್ದಿತ್ತೋ ಇಲ್ಲವೋ ಅಂತ ವಿಎಲ್‌ಸಿಯಲ್ಲಿ `E` ಒತ್ತಿ ಒಂದೊಂದೇ ಫ್ರೇಮ್ ನೋಡುತ್ತೇನೆ. ಆಗಲೂ ತಿಳಿಯದಿದ್ದರೆ ರೆಫರಿ ಕೊಟ್ಟಿದ್ದೇ ಅಂತಿಮ.

ಒಂದು ರೈಡಿಗೆ ಒಂದು ಸಾಲು. ಸಮಯ, ರೈಡರ್, ಎದುರಿಗಿದ್ದವರ ಸಂಖ್ಯೆ, ಡೂ ಆರ್ ಡೈ ಆಗಿದ್ದರೆ D, ಫಲ: S ಪಾಯಿಂಟ್, E ಎಂಪ್ಟಿ, U ಔಟ್. ಕೊನೆಗೆ ಮೊದಲು ಹಿಡಿದವನ ನಂಬರ್. 3ನೇ ನಂಬರಿನವನ ಲೆಕ್ಕ ಹೀಗೆ:

```
=COUNTIFS(B:B,3,D:D,"D",E:E,"S")/COUNTIFS(B:B,3,D:D,"D")
```

ಹೀಗೆ ಬರೆದಿಟ್ಟ ಸೀಸನ್ನಿನಲ್ಲಿ 7ನೇಯವನು ಹತ್ತಿರ ಹತ್ತಿರ 40 ರೈಡ್ ಮಾಡಿ 16ರಲ್ಲಿ ಪಾಯಿಂಟ್ ತಂದಿದ್ದ. 3ನೇಯವನು 30ಕ್ಕೆ 10. ಸುಮ್ನೆ ನೋಡಿದರೆ 40 ಪರ್ಸೆಂಟ್ ಎದುರಿಗೆ 33. ಆದರೆ 3ನೇಯವನ ರೈಡುಗಳಲ್ಲಿ 18 ಡೂ ಆರ್ ಡೈ. ಸತತ ಎರಡು ಎಂಪ್ಟಿ ಆದ ಮೇಲಿನ ರೈಡ್ ಅದು, ಖಾಲಿ ಬಂದರೂ ಔಟ್. ಅಂಥದ್ದರಲ್ಲಿ ಅವನು 8 ಗೆದ್ದಿದ್ದ. 7ನೇಯವನಿಗೆ ಅಂಥ ರೈಡ್ ಸಿಕ್ಕಿದ್ದೇ ಆರು, ಗೆದ್ದಿದ್ದು ಒಂದು. 3ನೇಯವನ ಉಳಿದ 12ರಲ್ಲಿ ಬಹುಪಾಲು ಎಂಪ್ಟಿ. ಅದಕ್ಕೂ ಕಾರಣ ಇದೆ, ಲೀಡ್ ಇದ್ದಾಗ ಟೈಮ್ ಕಳೆದು ಬಾ ಅಂತ ನಾವೇ ಕಳಿಸುತ್ತಿದ್ದೆವು. ಆರು ರೈಡ್ ತೀರಾ ಕಮ್ಮಿ ಅಂತ ನನಗೂ ಗೊತ್ತು. ಆದರೂ ಡೂ ಆರ್ ಡೈಗೆ ಈಗ 3ನೇಯವನೇ ಹೋಗುತ್ತಾನೆ, ಸುರಪುರದಲ್ಲಿ ಅದೇ ನಮ್ಮನ್ನು ಉಳಿಸಿತು.

ಟ್ಯಾಕಲ್ ಇನ್ನೂ ಜಗಳದ ವಿಷಯ. ಚೈನ್ ಹಾಕಿ ಮೂವರು ಬಿದ್ದರೆ ಯಾರ ಹೆಸರಿಗೆ? ಮೂವರಿಗೂ ಕೊಟ್ಟರೆ ಕೊನೆಗೆ ಮೇಲೆ ಬೀಳುವ ಕವರ್ ಹುಡುಗ ಹೀರೋ ಆಗುತ್ತಾನೆ. ಮೊದಲು ಕಾಲು ಹಿಡಿದು, ತಪ್ಪಿಸಿಕೊಂಡರೆ ಔಟ್ ಆಗುವ ಕಾರ್ನರ್‌ನವನ ಶೇಕಡಾ ಮಾತ್ರ ಇಳಿಯುತ್ತದೆ. ಹಾಗಾಗಿ ಗೆದ್ದರೂ ಸೋತರೂ ಮೊದಲು ಕೈ ಹಾಕಿದವನಿಗೇ. ತಂಡ ತಂಡ ಹೋಲಿಸುವಾಗ ಪ್ರಯತ್ನದ ಶೇಕಡಾ ಒಂದೇ ಸಾಲದು. ಹತ್ತು ರೈಡಿಗೆ ಎರಡೇ ಸಲ ಕೈ ಹಾಕಿ ಒಂದು ಸಲ ಹಿಡಿಯುವ ತಂಡಕ್ಕೂ 50 ಪರ್ಸೆಂಟ್ ಬರುತ್ತದೆ, ಅಲ್ವಾ? ಎದುರಾಳಿಯ ಒಟ್ಟು ರೈಡುಗಳ ಮೇಲೂ ಭಾಗಿಸುತ್ತೇನೆ.

ನಡುವೆ ಆಟ ನಡೆಯುವಾಗಲೇ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ನೋಡಿದೆ. ಜನರ ಕೂಗಿನಲ್ಲಿ ನನ್ನ ದನಿಯೇ ಕೇಳಲಿಲ್ಲ. ಈಗ ಒಂದು ಪಂದ್ಯ ಬರೆಯಲು ಹೆಚ್ಚುಕಮ್ಮಿ ಒಂದೂವರೆ ಗಂಟೆ ಸಾಕು. ಒಳಗಿರುವವರ ಎಣಿಕೆ ತಪ್ಪದಂತೆ ಇನ್ನೊಂದು ಕಾಲಂ ಇಟ್ಟಿದ್ದೇನೆ, ಅದನ್ನು ಟೂರ್ನಿ ಮುಗಿಯುವವರೆಗೂ ಹೇಳೋದಿಲ್ಲ.