ಅಡುಗೆ ವಿಡಿಯೊಗೆ ಶೀರ್ಷಿಕೆ, ಮೊದಲ ಮಾತು: ಪತ್ರೊಡೆಯನ್ನೇ ಇಟ್ಟುಕೊಂಡು ಒಂದು ಪಾಠ

ಮನೆಯ ಹಳೆಯ ಅಡುಗೆಗಳನ್ನು ಯೂಟ್ಯೂಬಿಗೆ ಹಾಕುವವರು ನನ್ನ ಬಂಧುಬಳಗದಲ್ಲೇ ನಾಲ್ಕೈದು ಮಂದಿ ಇದ್ದಾರೆ. ಅವರ ಅಡುಗೆಯಲ್ಲಿ ಕೊರತೆಯಿಲ್ಲ, ಚಿತ್ರೀಕರಣವೂ ಚೆನ್ನಾಗಿಯೇ ಇರುತ್ತದೆ. ಆದರೆ ಮೂರು ದಿನ ಶ್ರಮಪಟ್ಟು ಮಾಡಿದ ವಿಡಿಯೊಗೆ ಶೀರ್ಷಿಕೆಯನ್ನು ಕೊನೆಯ ಎರಡು ನಿಮಿಷದಲ್ಲಿ ಬರೆಯುತ್ತಾರೆ, ಆರಂಭದ ಮಾತನ್ನಂತೂ ಬರೆದುಕೊಳ್ಳುವುದೇ ಇಲ್ಲ. ಪುತ್ತೂರಿನಲ್ಲಿರುವ ನನ್ನ ಅತ್ತಿಗೆ ಕಳೆದ ಮಳೆಗಾಲದಲ್ಲಿ ಹಾಕಿದ ಪತ್ರೊಡೆಯ ವಿಡಿಯೊ ಹೀಗೆಯೇ ಸೊರಗಿತು. ಅದನ್ನು ಇಬ್ಬರೂ ಕುಳಿತು ತಿದ್ದಿದೆವು. ತಿದ್ದಿದ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಅಡುಗೆಯಲ್ಲಿ ಕೈಕೊಡುವ ಜಾಗವನ್ನು ಗುರುತಿಸಿ

ಶೀರ್ಷಿಕೆಗೆ ಕೈಹಾಕುವ ಮೊದಲು ಒಂದು ಕಾಗದದಲ್ಲಿ, ಈ ಅಡುಗೆ ಮಾಡಲು ಜನ ಯಾವ ಕಾರಣಕ್ಕೆ ಹಿಂಜರಿಯುತ್ತಾರೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ನುಚ್ಚಿನುಂಡೆಯಾದರೆ ಉಂಡೆ ಹಬೆಯಲ್ಲಿ ಒಡೆಯುವುದು, ಹೋಳಿಗೆಯಾದರೆ ಲಟ್ಟಿಸುವಾಗ ಹೂರಣ ಹೊರಬರುವುದು. ಪತ್ರೊಡೆಯಲ್ಲಿ ಆ ಅಂಜಿಕೆ ಗಂಟಲಿನ ತುರಿಕೆ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಎಲೆ ಸರಿಯಾಗಿ ಬೇಯದಿದ್ದರೆ, ಹಿಟ್ಟಿನಲ್ಲಿ ಹುಳಿ ಕಡಿಮೆಯಾದರೆ ಅವು ಬಾಯಿ ಮತ್ತು ಗಂಟಲನ್ನು ಚುಚ್ಚುತ್ತವೆ. ಒಮ್ಮೆ ಹಾಗೆ ಆದವರು ಮತ್ತೆ ಪತ್ರೊಡೆಯ ಹೆಸರೆತ್ತುವುದಿಲ್ಲ. ನಿಮ್ಮ ವಿಡಿಯೊವನ್ನು ತೆರೆಯಬೇಕಾದವರು ಅವರೇ.

ಹಂತ 2: ಜನ ಆ ತಿಂಡಿಯನ್ನು ಯಾವ ಹೆಸರಿನಿಂದ ಹುಡುಕುತ್ತಾರೆ ನೋಡಿ

ಯೂಟ್ಯೂಬಿನ ಹುಡುಕುವ ಜಾಗದಲ್ಲಿ ತಿಂಡಿಯ ಹೆಸರನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೆಳಗೆ ತಾನಾಗಿ ಮೂಡುವ ಸಾಲುಗಳನ್ನು ಬರೆದಿಟ್ಟುಕೊಳ್ಳಿ. ಕನ್ನಡಿಗರಲ್ಲೂ ಅನೇಕರು ಫೋನಿನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುವುದರಿಂದ ಶೀರ್ಷಿಕೆಯಲ್ಲಿ Pathrode ಎಂಬ ರೂಪ ಒಂದು ಸಲ ಇರಲಿ. Patrode ಮೊದಲಾದ ಬೇರೆ ಕಾಗುಣಿತಗಳನ್ನು ಕೆಳಗಿನ ವಿವರಣೆಯ ಮೊದಲ ಸಾಲಿಗೆ ಸೇರಿಸಿದರೆ ಸಾಕು.

ಹಂತ 3: ಶೀರ್ಷಿಕೆ

ಹೆಚ್ಚಿನವರು ಎಡವುವುದು ಇಲ್ಲಿ. ಅತ್ತಿಗೆ ಮೊದಲು ಹಾಕಿದ್ದ ಶೀರ್ಷಿಕೆ ಹೀಗಿತ್ತು:

ಅಜ್ಜಿ ಕಾಲದ ಸಾಂಪ್ರದಾಯಿಕ ಪತ್ರೊಡೆ ಮಾಡುವ ವಿಧಾನ | ಒಮ್ಮೆ ಮಾಡಿದರೆ ಮತ್ತೆ ಮತ್ತೆ ಮಾಡ್ತೀರಿ | Pathrode

ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿಯನ್ನು ಇಟ್ಟಿದೆ. ಆದರೆ ಅದು ಎಣಿಸುವ ಅಕ್ಷರ ನಮ್ಮ ವರ್ಣಮಾಲೆಯ ಅಕ್ಷರವಲ್ಲ; ದೀರ್ಘ, ಗುಡಿಸು, ಕೊಂಬು ಎಲ್ಲವೂ ಒಂದೊಂದು ಲೆಕ್ಕ, ಒತ್ತಕ್ಷರವಾದರೆ ಎರಡು. ನಮ್ಮ ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಪತ್ರೊಡೆ’ ಅದರ ಲೆಕ್ಕದಲ್ಲಿ ಏಳು. ಮೇಲಿನ ಶೀರ್ಷಿಕೆ 90 ಆಗುತ್ತದೆ. ಮಿತಿಯೊಳಗೇ ಇದೆ ಎಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಫೋನಿನ ಪಟ್ಟಿಯಲ್ಲಿ ಉದ್ದ ಶೀರ್ಷಿಕೆಯ ಬಾಲ ಕತ್ತರಿಸಿಹೋಗಿ ಮೂರು ಚುಕ್ಕಿಗಳಷ್ಟೇ ಉಳಿಯುತ್ತವೆ. ಈ ಶೀರ್ಷಿಕೆಯಲ್ಲಿ ತಿಂಡಿಯ ಹೆಸರು ಬರುವುದಕ್ಕೆ ಮೊದಲೇ ‘ಅಜ್ಜಿ ಕಾಲದ ಸಾಂಪ್ರದಾಯಿಕ’ ಎಂಬ ಮಾತುಗಳು ಜಾಗ ತಿಂದಿವೆ. ಸಾಲು ಕತ್ತರಿಸಿದ ಮೇಲೆ ಉಳಿಯುವುದು ನೂರಾರು ಚಾನೆಲ್‌ಗಳಲ್ಲಿ ಇರುವ ಅದೇ ಮಾತು.

ಅಜ್ಜಿ, ಕೈರುಚಿ, ಸಾಂಪ್ರದಾಯಿಕ, ಬಾಯಲ್ಲಿ ನೀರೂರಿಸುವ, ಹೀಗೆ ಮಾಡಿ ನೋಡಿ, ಈ ಐದನ್ನೂ ನಾನು ಶೀರ್ಷಿಕೆಯಿಂದ ಕಡ್ಡಾಯವಾಗಿ ತೆಗೆಸುತ್ತೇನೆ. ಅವು ಸುಳ್ಳೆಂದಲ್ಲ. ಯಾವ ತಿಂಡಿಗೆ ಬೇಕಾದರೂ ಅಂಟಿಸಬಹುದಾದ ಮಾತು ಈ ತಿಂಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಳೆಯ ಅಡುಗೆ ಎಂಬುದು ಗೊತ್ತಾಗಬೇಕಾದರೆ ಊರಿನ ಹೆಸರು, ಋತುವಿನ ಹೆಸರು ಅಥವಾ ಆ ಅಡುಗೆಗೇ ಸೇರಿದ ವಸ್ತುವಿನ ಹೆಸರು ಬರಲಿ. ‘ಮರಕೆಸು’ ಎಂದರೆ ಕರಾವಳಿಯವರಿಗೆ ಮಳೆಗಾಲ, ಮರದ ಪೊಟರೆ, ಆಟಿ ತಿಂಗಳು ಎಲ್ಲವೂ ಒಟ್ಟಿಗೆ ನೆನಪಾಗುತ್ತದೆ. ಆದರೆ ವಿಡಿಯೊದಲ್ಲಿ ಬಳಸಿದ್ದು ಹಿತ್ತಿಲಿನ ನೆಲಗೆಸುವಾಗಿದ್ದರೆ ಶೀರ್ಷಿಕೆಯಲ್ಲಿ ಮರಕೆಸು ಎಂದು ಬರೆಯಕೂಡದು. ಮೊದಲ ಪ್ರತಿಕ್ರಿಯೆಯಲ್ಲೇ ಯಾರಾದರೂ ಹಿರಿಯರು ಅದನ್ನು ಗುರುತಿಸುತ್ತಾರೆ, ಆಮೇಲೆ ನೀವು ಹೇಳುವ ಅಳತೆಯನ್ನೂ ಯಾರೂ ನಂಬುವುದಿಲ್ಲ.

ನಾವು ತಿದ್ದಿ ಬರೆದದ್ದು ಇದು:

ಪತ್ರೊಡೆ ಗಂಟಲು ತುರಿಸದಿರಲು ಹುಣಸೆ ಎಷ್ಟು ಹಾಕಬೇಕು? | Pathrode

ತಿಂಡಿಯ ಹೆಸರು ಮೊದಲಿಗೇ ಬಂತು. ಅದರ ಬೆನ್ನಿಗೇ ಅಂಜಿಕೆ, ಆಮೇಲೆ ಒಂದು ನಿರ್ದಿಷ್ಟ ಪ್ರಶ್ನೆ. ಒಟ್ಟು ಲೆಕ್ಕ 56. ಇದಕ್ಕೆ ಮುಂಚೆ ಅತ್ತಿಗೆ ‘ಎಂದೂ ಗಂಟಲು ತುರಿಸದ ಪತ್ರೊಡೆ’ ಎಂದು ಬರೆದಿದ್ದರು, ಅದನ್ನು ನಾನು ಒಪ್ಪಲಿಲ್ಲ. ಕೆಸುವಿನಲ್ಲಿ ತಳಿ ಹಲವು, ತಿನ್ನುವವರ ಗಂಟಲೂ ಬೇರೆ ಬೇರೆ, ಆದ್ದರಿಂದ ‘ಎಂದೂ’ ಎಂಬ ಭರವಸೆಯನ್ನು ಕೊಡಲು ಯಾರಿಂದಲೂ ಸಾಧ್ಯವಿಲ್ಲ. ‘ಎಷ್ಟು ಹಾಕಬೇಕು’ ಎಂಬ ಪ್ರಶ್ನೆಗಾದರೆ ವಿಡಿಯೊದಲ್ಲಿ ಅಳತೆ ಸಹಿತ ಉತ್ತರವಿದೆ.

ಶೀರ್ಷಿಕೆ ಆಯಿತೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. ಅದರಲ್ಲಿರುವ ತಿಂಡಿಯ ಹೆಸರನ್ನು ತೆಗೆದು ಆ ಜಾಗಕ್ಕೆ ‘ಚಿತ್ರಾನ್ನ’ ಎಂದು ಹಾಕಿ ಓದಿ. ವಾಕ್ಯ ಹಾಗೆಯೇ ನಿಂತರೆ ಶೀರ್ಷಿಕೆ ಇನ್ನೂ ಆಗಿಲ್ಲ.

‘ನೂರು ವೈರಲ್ ಶೀರ್ಷಿಕೆಗಳು’ ಎಂಬಂತಹ ಪಿಡಿಎಫ್‌ಗಳನ್ನು ಮಾರುವವರಿದ್ದಾರೆ. ಅತ್ತಿಗೆಯ ಗೆಳತಿಯೊಬ್ಬರು ದುಡ್ಡು ಕೊಟ್ಟು ತರಿಸಿದ್ದನ್ನು ನಾನು ನೋಡಿದ್ದೇನೆ. ಅದರಲ್ಲಿದ್ದವೆಲ್ಲ ಬಿಟ್ಟಸ್ಥಳ ತುಂಬುವ ವಾಕ್ಯಗಳು, ಚಿತ್ರಾನ್ನದ ಪರೀಕ್ಷೆಯಲ್ಲಿ ಒಂದೂ ತೇರ್ಗಡೆಯಾಗಲಿಲ್ಲ. ಅದಕ್ಕೆ ಹಣ ಹಾಕಬೇಡಿ.

ಮುಖಚಿತ್ರದ ಮೇಲೆ ಶೀರ್ಷಿಕೆಯ ಮಾತನ್ನೇ ಮತ್ತೆ ಬರೆಯಬೇಡಿ. ಅಂಗೈಯಲ್ಲಿ ಹುಣಸೆ ಉಂಡೆ, ಪಕ್ಕದಲ್ಲಿ ‘ಇಷ್ಟು ಬೇಕು’ ಎಂಬ ಎರಡು ಪದ ಇದ್ದರೆ ಸಾಕು.

ಹಂತ 4: ಆರಂಭದ ಮಾತು

ಶೀರ್ಷಿಕೆ ನೋಡಿ ಒತ್ತಿದವರು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿರುತ್ತಾರೆ. ಅವರಿಗೆ ಅತ್ತಿಗೆಯ ವಿಡಿಯೊದಲ್ಲಿ ಮೊದಲು ಕೇಳಿಸುತ್ತಿದ್ದದ್ದು ಹೀಗೆ: ‘ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲಿಗೆ ಸ್ವಾಗತ. ಇವತ್ತಿನ ವಿಡಿಯೊದಲ್ಲಿ ನಾವು ಪತ್ರೊಡೆ ಮಾಡುವುದು ಹೇಗೆ ಅಂತ ನೋಡುವ. ಅದಕ್ಕೂ ಮೊದಲು ಸಬ್‌ಸ್ಕ್ರೈಬ್ ಮಾಡದವರು ಸಬ್‌ಸ್ಕ್ರೈಬ್ ಮಾಡಿ, ಪಕ್ಕದ ಬೆಲ್ ಬಟನ್ ಒತ್ತಿ.’ ಇದರ ಹಿಂದೆ ಸಂಗೀತದೊಂದಿಗೆ ತಿರುಗುವ ಚಾನೆಲ್ ಹೆಸರು ಬೇರೆ. ಅರ್ಧ ನಿಮಿಷವಾದರೂ ಪರದೆಯ ಮೇಲೆ ಕೆಸುವಿನ ಎಲೆ ಕಾಣಿಸಿರಲಿಲ್ಲ.

ಹೊಸ ಆರಂಭಕ್ಕೆ ಮೂರು ದೃಶ್ಯ, ಮೂರು ಮಾತು ಎಂದು ನಿಗದಿ ಮಾಡಿದೆವು. ಮೊದಲ ದೃಶ್ಯದಲ್ಲಿ ಬೆಂದ ಸುರುಳಿಯನ್ನು ಚಾಕುವಿನಿಂದ ಅಡ್ಡಕ್ಕೆ ಕೊಯ್ಯುವುದು, ಒಳಗಿನ ಹಸಿರು ಮತ್ತು ಕೆಂಪು ಹಿಟ್ಟಿನ ಪದರಗಳು ಹತ್ತಿರದಿಂದ ಕಾಣಬೇಕು. ಮಾತು: ‘ಪತ್ರೊಡೆ ತಿಂದ ಮೇಲೆ ಗಂಟಲು ತುರಿಸಿದರೆ ಹುಣಸೆ ಕಡಿಮೆ ಆಗಿರ್ತದೆ, ಇಲ್ಲದಿದ್ದರೆ ಹಬೆ ಸಾಕಾಗಿರುವುದಿಲ್ಲ.’ ಎರಡನೆಯ ದೃಶ್ಯದಲ್ಲಿ ಅಂಗೈಯಲ್ಲಿ ಹುಣಸೆ, ಪಕ್ಕದಲ್ಲಿ ಅಳತೆಯ ಕುಡ್ತೆ. ಮಾತು: ‘ಎರಡು ಕುಡ್ತೆ ಬೆಳ್ತಿಗೆ ಅಕ್ಕಿಗೆ ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ, ಹಬೆಯಲ್ಲಿ ಒಂದು ಗಂಟೆ.’ ಮೂರನೆಯ ದೃಶ್ಯದಲ್ಲಿ ಎಲೆಯ ಬೆನ್ನಿನ ದಪ್ಪ ನಾರಿಗೆ ಚಾಕು ತಾಗಿರಬೇಕು. ಮಾತು: ‘ಮೊದಲು ಈ ನಾರು ತೆಗೆಯುವ.’ ಅಲ್ಲಿಗೆ ಅಡುಗೆ ಶುರುವಾಗಿಯೇ ಬಿಡುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ಜನ ಅಲ್ಲಿಂದಲೇ ಹೊರಟುಹೋಗುವುದಿಲ್ಲವೇ ಎಂದು ಅತ್ತಿಗೆ ಕೇಳಿದರು, ಎಲ್ಲರೂ ಕೇಳುವ ಪ್ರಶ್ನೆಯಿದು. ಹುಣಸೆಯ ಅಳತೆ ತಿಳಿದ ಮಾತ್ರಕ್ಕೆ ಪತ್ರೊಡೆ ಮಾಡಲು ಬರುವುದಿಲ್ಲ. ಹಿಟ್ಟು ಎಷ್ಟು ಗಟ್ಟಿಯಿರಬೇಕು, ಎಲೆಯ ಯಾವ ಬದಿಗೆ ಸವರಬೇಕು, ಸುರುಳಿಯನ್ನು ಎಷ್ಟು ಬಿಗಿಯಾಗಿ ಸುತ್ತಬೇಕು ಎಂಬುದನ್ನು ಕಣ್ಣಿನಿಂದ ನೋಡಿಯೇ ಕಲಿಯಬೇಕು. ಅಳತೆ ಕೇಳಿದವರಿಗೆ ಹೇಳುವವರು ಮಾಡಿ ಬಲ್ಲವರು ಎಂಬ ನಂಬಿಕೆ ಹುಟ್ಟುತ್ತದೆ, ಆ ನಂಬಿಕೆಯಿಂದಲೇ ಉಳಿದದ್ದನ್ನು ನೋಡುತ್ತಾರೆ. ‘ಗುಟ್ಟು ಕೊನೆಯಲ್ಲಿದೆ, ಪೂರ್ತಿ ನೋಡಿ’ ಎಂದರೆ ಗುಟ್ಟಿಗಾಗಿ ಕೊನೆಗೆ ಜಾರಿಸಿ ನೋಡಿ ಹೊರಗೆ ಹೋಗುತ್ತಾರೆ.

ಬರೆದ ಮಾತನ್ನು ಗಡಿಯಾರ ಹಿಡಿದು, ಒಲೆಯ ಮುಂದೆ ನಿಂತು ಆಡುವ ವೇಗದಲ್ಲಿ ಗಟ್ಟಿಯಾಗಿ ಓದಿ. ಇಪ್ಪತ್ತು ಸೆಕೆಂಡು ಮೀರಿದರೆ ಒಂದು ವಾಕ್ಯವನ್ನು ಬಿಡಿ. ಓದುವಾಗ ಉಸಿರು ಕಟ್ಟಿದ ಜಾಗದಲ್ಲಿ ವಾಕ್ಯವನ್ನು ಎರಡು ಮಾಡಿ. ಭಾಷೆ ನಿಮ್ಮ ಮನೆಯದೇ ಆಗಿರಲಿ. ಅತ್ತಿಗೆ ಒಮ್ಮೆ ‘ಹಾಕ್ತೀನಿ, ಮಾಡ್ತೀನಿ’ ಎಂದು ಬೆಂಗಳೂರಿನ ಧಾಟಿಯಲ್ಲಿ ಹೇಳಿ ನೋಡಿದರು, ಪ್ರತಿ ಕ್ರಿಯಾಪದದ ಹತ್ತಿರ ಒಂದು ಕ್ಷಣ ತಡವರಿಸುತ್ತಿದ್ದರು. ‘ಹಾಕ್ತೇನೆ’ ಎಂದ ಕೂಡಲೇ ದನಿ ಸಡಿಲವಾಯಿತು. ‘ಕುಡ್ತೆ’ ಎಂಬ ಪದ ಬಯಲುಸೀಮೆಯವರಿಗೆ ತಿಳಿಯದೆ ಹೋಗಬಹುದು ಎಂದಾದರೆ ಪದವನ್ನು ಬದಲಿಸುವುದು ಬೇಡ, ಆ ಪಾತ್ರೆಯನ್ನು ಒಂದು ಲೋಟದ ಪಕ್ಕ ಇಟ್ಟು ತೋರಿಸಿ.

ಸ್ವಾಗತ, ಸಬ್‌ಸ್ಕ್ರೈಬ್ ಕೋರಿಕೆಗಳು ಸುರುಳಿಯನ್ನು ಹಬೆಗೆ ಇಟ್ಟ ಮೇಲೆ ಬರಲಿ. ಆಗ ಕೈಯೂ ಬಿಡುವಾಗಿರುತ್ತದೆ.

ಹಂತ 5: ಹಾಕಿದ ಮೇಲೆ ನೋಡಬೇಕಾದ ಎರಡು ಲೆಕ್ಕ

ಯೂಟ್ಯೂಬ್ ಸ್ಟುಡಿಯೊದ Analytics ಪುಟದಲ್ಲಿ Impressions click-through rate ಎಂಬ ಲೆಕ್ಕವಿದೆ. ನಿಮ್ಮ ಮುಖಚಿತ್ರ ಕಂಡವರಲ್ಲಿ ನೂರಕ್ಕೆ ಎಷ್ಟು ಸಲ ಒತ್ತಿದರು ಎಂಬುದನ್ನು ಅದು ಹೇಳುತ್ತದೆ. ಅರ್ಧದಷ್ಟು ಚಾನೆಲ್‌ಗಳಲ್ಲಿ ಇದು 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬೇ ತಿಳಿಸಿದೆ. ಹಾಗಿದ್ದರೂ ನಿಮ್ಮ ಹಳೆಯ ವಿಡಿಯೊಗಳ ಜೊತೆಗೇ ಹೋಲಿಸಿ ನೋಡಿ. ಇನ್ನೊಂದು, ಜನ ಎಷ್ಟು ಹೊತ್ತು ಉಳಿದರು ಎಂಬುದರ ಗೆರೆ, ಅದರಲ್ಲೂ 0:30ರ ಹತ್ತಿರ ಎಷ್ಟು ಮಂದಿ ಇದ್ದಾರೆ ಎಂಬುದು. ಒತ್ತುವವರು ಕಡಿಮೆ, ಬಂದವರು ಮಾತ್ರ ಉಳಿಯುತ್ತಿದ್ದಾರೆ ಎಂದಾದರೆ ಶೀರ್ಷಿಕೆ ಅಥವಾ ಮುಖಚಿತ್ರವನ್ನು ತಿದ್ದಿ. ಒತ್ತುವವರು ಚೆನ್ನಾಗಿದ್ದು ಅರ್ಧ ನಿಮಿಷದೊಳಗೆ ಗೆರೆ ಕಡಿದಾಗಿ ಇಳಿದಿದ್ದರೆ ಶೀರ್ಷಿಕೆ ಕೇಳಿದ ಪ್ರಶ್ನೆಗೆ ಆರಂಭದ ಮಾತು ಉತ್ತರಿಸಿಲ್ಲ. ಹಾಕಿದ ವಿಡಿಯೊದ ಮೊದಲಿನ ಭಾಗವನ್ನು ಸ್ಟುಡಿಯೊದಲ್ಲೇ ಕತ್ತರಿಸಲು ಬರುತ್ತದೆ, ಆದರೆ ಹೊಸ ದೃಶ್ಯವನ್ನು ಸೇರಿಸಲು ಬರುವುದಿಲ್ಲ. ಆದ್ದರಿಂದ ಅತ್ತಿಗೆಯ ವಿಡಿಯೊವನ್ನು ಹೊಸ ಆರಂಭದೊಂದಿಗೆ ಮತ್ತೆ ಹಾಕಬೇಕಾಯಿತು.

ಶೀರ್ಷಿಕೆ ಮತ್ತು ಮುಖಚಿತ್ರವನ್ನು ಒಂದೇ ದಿನ ಬದಲಿಸಬೇಡಿ, ಯಾವುದರಿಂದ ಏನಾಯಿತು ಎಂಬುದು ತಿಳಿಯುವುದಿಲ್ಲ. ಪತ್ರೊಡೆಯಂತಹ ತಿಂಡಿಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಕೆಸು ಸೊಗಸಾಗಿ ಚಿಗುರುವುದು ಮಳೆಗಾಲದಲ್ಲಿ, ಜನ ಹುಡುಕುವುದೂ ಆಗಲೇ. ಆಟಿಯಲ್ಲಿ ಇದ್ದ ಲೆಕ್ಕವನ್ನು ದೀಪಾವಳಿಯ ಹೊತ್ತಿನ ಲೆಕ್ಕದ ಪಕ್ಕದಲ್ಲಿಟ್ಟು ಹೊಸ ಶೀರ್ಷಿಕೆ ಸೋತಿತು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ನಾವು ಅತ್ತಿಗೆಯ ಎರಡನೆಯ ವಿಡಿಯೊವನ್ನು ಈ ಸಲದ ಮೊದಲ ಮಳೆಗೆ, ಹಿತ್ತಿಲಿನ ಕೆಸು ಅಂಗೈಯಗಲ ಬಿಡುವ ವಾರದಲ್ಲೇ ಹಾಕಿದೆವು.