15 ಕೆಜಿ ಎಣ್ಣೆ ಟಿನ್ ತೆರೆದ ಮೇಲೆ ನಾನು ಮಾಡುವುದು

ಹಾಸನದಲ್ಲಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಗಾಣದ ಕಡಲೆಕಾಯಿ ಎಣ್ಣೆಯನ್ನು 15 ಕೆಜಿ ಟಿನ್ ಲೆಕ್ಕದಲ್ಲಿ ತರಿಸುತ್ತೇನೆ. ಎಣ್ಣೆ ಇಡೋಕೆ ಟಿನ್ ಒಳ್ಳೇದಾ, ಗಾಜು ಒಳ್ಳೇದಾ, ಪ್ಲಾಸ್ಟಿಕ್ ಆಗುತ್ತಾ ಅಂತ ಕೇಳುವವರು ಜಾಸ್ತಿ. ಡಬ್ಬದ ಒಳಗೆ ಎಷ್ಟು ಜಾಗ ಖಾಲಿ ಇದೆ ಅನ್ನೋದನ್ನ ಮೊದಲು ನೋಡಿ, ಡಬ್ಬ ಯಾವುದರದ್ದು ಅನ್ನೋದನ್ನ ಆಮೇಲೆ ನೋಡಿ ಅಂತ ನಾನು ಹೇಳುತ್ತೇನೆ.

ಸೀಲ್ ತೆಗೆಯದ ಟಿನ್‌ಗೆ ಸಮನಾದದ್ದು ಇಲ್ಲ. ಬೆಳಕು ಒಂದಿಷ್ಟೂ ಹೋಗುವುದಿಲ್ಲ, ಒಳಗಿರುವ ಗಾಳಿಯೂ ಕಡಿಮೆ. ತೆರೆದ ದಿನದಿಂದ ಕಥೆ ಬೇರೆ. ನೀವು ಒಂದು ಲೀಟರ್ ಎಣ್ಣೆ ತೆಗೆದರೆ ಆ ಜಾಗಕ್ಕೆ ಒಂದು ಲೀಟರ್ ಗಾಳಿ ಬಂದು ಕೂರುತ್ತದೆ, ಆ ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ. 15 ಕೆಜಿ ಅಂದರೆ 16 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಎಣ್ಣೆ, ಹಾಗಾಗಿ ಅರ್ಧ ಮುಗಿದ ಟಿನ್‌ನಲ್ಲಿ ಎಂಟು ಲೀಟರ್ ಗಾಳಿ ಇರುತ್ತದೆ, ಅದೂ ಬಗ್ಗಿಸಿದಾಗಲೆಲ್ಲ ಹೊಸದಾಗುತ್ತಾ ಇರುತ್ತದೆ. ಆಮ್ಲಜನಕ ಎಣ್ಣೆಗೆ ಸೇರಿಕೊಳ್ಳುವುದು ನಿಧಾನವಾಗಿ. ಶುರುವಿನಲ್ಲಿ ಆಗುವ ಪೆರಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅದು ಒಡೆದು ಚೂರಾದಾಗ ಕಮಟು ವಾಸನೆ ಬರುತ್ತದೆ. ಅಂದರೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ಒಳಗೆ ಕೆಲಸ ತುಂಬಾ ದೂರ ಹೋಗಿರುತ್ತದೆ.

ಅದಕ್ಕೇ ಟಿನ್ ತೆರೆದ ದಿನವೇ ಪೂರ್ತಿ ಹಂಚಿಬಿಡುತ್ತೇನೆ. ಬಿಗಿ ಮುಚ್ಚಳದ ಐದು ಲೀಟರ್ ಸ್ಟೀಲ್ ಕ್ಯಾನ್ ಮೂರು, ಉಳಿದದ್ದಕ್ಕೆ ಒಂದು ಲೀಟರಿನ ಕಂದು ಗಾಜಿನ ಬಾಟಲಿ. ಟಿನ್ ಮನೆಗೆ ಬಂದ ಮೇಲೆ ಅಲುಗಾಡಿಸದೆ ಒಂದೆರಡು ದಿನ ಬಿಟ್ಟು ಆಮೇಲೆ ಬಗ್ಗಿಸುತ್ತೇನೆ, ಯಾಕಂದ್ರೆ ಗಾಣದ ಎಣ್ಣೆಯಲ್ಲಿ ಅಡಿಗೆ ಮಡ್ಡಿ ಕೂರುತ್ತದೆ, ಆ ಮಡ್ಡಿಯಲ್ಲಿ ನೀರಿನಂಶ ಇರುತ್ತದೆ. ಕೊನೆಯಲ್ಲಿ ಉಳಿಯುವ ಆ ಮಡ್ಡಿ ಎಣ್ಣೆಯನ್ನು ಬೇರೆ ಇಟ್ಟು ಒಗ್ಗರಣೆಗೆ ಮೊದಲು ಮುಗಿಸುತ್ತೇನೆ. ಕ್ಯಾನ್‌ಗಳನ್ನು ಕತ್ತಿನವರೆಗೂ ತುಂಬಿಸಬೇಕು, ಆದರೆ ಎರಡು ಬೆರಳಿನಷ್ಟು ಜಾಗ ಬಿಡಿ. ಬೇಸಿಗೆಯಲ್ಲಿ ಎಣ್ಣೆ ಹಿಗ್ಗುತ್ತದೆ, ಇಲ್ಲದಿದ್ದರೆ ಮುಚ್ಚಳದ ಸುತ್ತ ಒಸರುತ್ತದೆ. ಬಾಟಲಿ ಎಣ್ಣೆ ಮುಗಿದಾಗ ಒಂದು ಕ್ಯಾನ್ ತೆರೆದು, ಅದರಲ್ಲಿರುವುದನ್ನೂ ಅವತ್ತೇ ಬಾಟಲಿಗಳಿಗೆ ತುಂಬಿಸುತ್ತೇನೆ. ಅರ್ಧ ಖಾಲಿಯಾದ ದೊಡ್ಡ ಪಾತ್ರೆ ನಮ್ಮನೆಯಲ್ಲಿ ಯಾವಾಗಲೂ ಇರುವುದಿಲ್ಲ.

ಖಾಲಿ ಟಿನ್‌ಗೆ ಮತ್ತೆ ಎಣ್ಣೆ ಹಾಕುವುದಿಲ್ಲ. ಕತ್ತರಿಸಿದ ತೂತಿನ ಅಂಚಿನಲ್ಲಿ ತವರದ ಲೇಪ ಹೋಗಿರುತ್ತದೆ, ನಮ್ಮ ಕಡೆ ಮಳೆ ಹಿಡಿದರೆ ಅಲ್ಲಿ ಬೇಗ ತುಕ್ಕು ಬರುತ್ತದೆ. ಕಬ್ಬಿಣದ ಅಂಶ ಎಣ್ಣೆಗೆ ಇಳಿದರೆ ಕಮಟಾಗುವುದು ಇನ್ನೂ ಜೋರಾಗುತ್ತದೆ. ತಾಮ್ರ ಅದಕ್ಕಿಂತಲೂ ಕೆಟ್ಟದ್ದು, ಆದ್ದರಿಂದ ಹಳೇ ಹಿತ್ತಾಳೆ ಗಿಂಡಿಯಲ್ಲಿ ಎಣ್ಣೆ ಇಡಬೇಡಿ. ಒಮ್ಮೆ ಬಳಸಿದ ಟಿನ್‌ಗೆ ಮತ್ತೆ ಅಡುಗೆ ಎಣ್ಣೆ ತುಂಬಿ ಮಾರಬಾರದು ಅಂತ ಆಹಾರ ಸುರಕ್ಷತೆಯ ನಿಯಮದಲ್ಲೇ ಇದೆ.

ಇನ್ನು ಬೆಳಕು. ಇದನ್ನ ನಾನು ಬೇಕಂತಲೇ ಪರೀಕ್ಷೆ ಮಾಡಿ ನೋಡಿದೆ. ಒಂದೇ ಟಿನ್ನಿನ ಎಣ್ಣೆ, ಒಂದೇ ದಿನ ತುಂಬಿಸಿದ್ದು. ಒಂದು ಬಿಳಿ ಗಾಜಿನ ಬಾಟಲಿ ಪೂರ್ತಿ ತುಂಬಿಸಿ ಅಡುಗೆಮನೆ ಕಿಟಕಿ ಹತ್ತಿರ ಇಟ್ಟೆ. ಅಂಥದ್ದೇ ಇನ್ನೊಂದನ್ನು ಕಪಾಟಿನ ಒಳಗಿಟ್ಟೆ. ಮೂರನೆಯದು ಪ್ಲಾಸ್ಟಿಕ್ ಬಾಟಲಿ, ಅರ್ಧ ಮಾತ್ರ ತುಂಬಿಸಿ ಅದನ್ನೂ ಕಪಾಟಿನಲ್ಲೇ ಇಟ್ಟು ಆಗಾಗ ಮುಚ್ಚಳ ತೆಗೆಯುತ್ತಿದ್ದೆ. ಕಿಟಕಿಯದು ಮೊದಲು ಕೆಟ್ಟಿತು, ಪೂರ್ತಿ ತುಂಬಿದ ಗಾಜಿನ ಬಾಟಲಿಯಾದರೂ. ಅದರ ಬಣ್ಣ ಮಾತ್ರ ತಿಳಿಯಾಗಿ, ನೋಡೋಕೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು! ಬೆಳಕಿಗೆ ಎಣ್ಣೆಯ ಸಹಜ ಬಣ್ಣ ಮಾಸುತ್ತದೆ ಅಷ್ಟೇ. ಶುದ್ಧವಾಗಿದೆ ಅಂತ ಅದರ ಅರ್ಥ ಅಲ್ಲ. ಗಾಣದ ಎಣ್ಣೆಯಲ್ಲಿ ಹಸಿರು ಬಣ್ಣದ ಕ್ಲೋರೊಫಿಲ್ ಚೂರುಪಾರು ಉಳಿದಿರುತ್ತದೆ, ಅದು ಬೆಳಕನ್ನು ಹೀರಿ ಪಕ್ಕದ ಆಮ್ಲಜನಕವನ್ನು ಚುರುಕು ಮಾಡುತ್ತದೆ. ಟ್ಯೂಬ್‌ಲೈಟ್ ಬೆಳಕಿಗೂ ಇದು ಆಗುತ್ತದೆ. ನೀಲಿ ಕಡೆಯ ಬೆಳಕು ಹೆಚ್ಚು ಹಾಳು ಮಾಡುತ್ತದೆ, ಕಂದು ಗಾಜು ತಡೆಯುವುದು ಅದನ್ನೇ. ಬಿಳಿ ಬಾಟಲಿ ಮಾತ್ರ ಇದ್ದರೆ ಕಪಾಟಿಗೆ ಸೇರಿಸಿ, ಇಲ್ಲವೇ ಸುತ್ತ ದಪ್ಪ ಕಾಗದ ಸುತ್ತಿ, ಅಷ್ಟು ಸಾಕು.

ಎರಡನೆಯದಾಗಿ ಕೆಟ್ಟದ್ದು ಅರ್ಧ ತುಂಬಿದ ಪ್ಲಾಸ್ಟಿಕ್. ಇಲ್ಲಿ ಪ್ಲಾಸ್ಟಿಕ್ಕನ್ನೇ ಬೈಯಬೇಕಾಗಿಲ್ಲ, ಗಾಳಿಯ ಪಾಲು ದೊಡ್ಡದು. ಅಂಗಡಿಯ ಐದು ಲೀಟರ್ ಕ್ಯಾನ್ ಸೀಲ್ ಇರುವಷ್ಟು ದಿನ, ಕತ್ತಲಲ್ಲಿದ್ದರೆ, ಚೆನ್ನಾಗಿಯೇ ಇರುತ್ತದೆ. ಪ್ಲಾಸ್ಟಿಕ್‌ನ ನಿಜವಾದ ಕಷ್ಟ ಮತ್ತೆ ಬಳಸುವಾಗ. ತಿರುಪು ಮುಚ್ಚಳ ತೆಗೆದು ಕತ್ತಿನ ಸುತ್ತ ಬೆರಳಾಡಿಸಿ ನೋಡಿ. ಹಳದಿ ಬಣ್ಣದ ಅಂಟು ಕೈಗೆ ಹತ್ತುತ್ತದೆ, ಗೋಂದಿನ ಹಾಗೆ. ಅದು ಗಾಳಿಗೆ ಕೆಟ್ಟು ಗಟ್ಟಿಯಾದ ಎಣ್ಣೆ. ಅದರ ಮೇಲೆ ಹೊಸ ಎಣ್ಣೆ ಸುರಿದರೆ ಹಳೇದರ ಕಮಟು ಹೊಸದಕ್ಕೂ ಹತ್ತುತ್ತದೆ, ಒಂದು ಅಣು ಕೆಟ್ಟರೆ ಅದು ಪಕ್ಕದ್ದನ್ನೂ ಎಳೆಯುವ ಸರಪಳಿ ಇದು. ಗಾಜು, ಸ್ಟೀಲ್ ಆದರೆ ವಾಷಿಂಗ್ ಸೋಡಾ ಹಾಕಿದ ಬಿಸಿ ನೀರಲ್ಲಿ ನೆನೆಸಿ, ಹಿಡಿ ಅಕ್ಕಿ ಹಾಕಿ ಕುಲುಕಿ ತೊಳೆಯಬಹುದು. ತೆಳು ಬಾಟಲಿಗೆ ಕುದಿಯುವ ನೀರು ಹಾಕಿದರೆ ಮುದುರಿಕೊಳ್ಳುತ್ತದೆ, ಗೆರೆಬಿದ್ದ ಪ್ಲಾಸ್ಟಿಕ್ ಒಳಗಿನ ಜಿಡ್ಡೂ ಹೋಗುವುದಿಲ್ಲ.

ತೊಳೆದ ಮೇಲೆ ಒಣಗಿಸುವುದೂ ದೊಡ್ಡ ಕೆಲಸ. ಜುಲೈ ಆಗಸ್ಟ್‌ನಲ್ಲಿ ಬಿಸಿಲು ಎಲ್ಲಿ ಬರುತ್ತೆ ಹೇಳಿ? ಬಾಟಲಿಗಳನ್ನು ಒಲೆ ಬದಿಯಲ್ಲಿ ಬೋರಲು ಹಾಕಿ, ಮಾರನೇ ದಿನ ಒಣ ಬಟ್ಟೆ ಸುತ್ತಿದ ಕಡ್ಡಿ ಒಳಗೆ ಆಡಿಸಿ ತೇವ ಇಲ್ಲ ಅಂತ ಖಾತ್ರಿಯಾದ ಮೇಲೇ ತುಂಬಿಸುತ್ತೇನೆ.

ಕೆಟ್ಟಿದೆಯಾ ಅಂತ ತಿಳಿಯಲು ನಮ್ಮತ್ತೆ ಹೇಳಿಕೊಟ್ಟ ದಾರಿಯೇ ನನಗೂ ಸರಿ. "ಬಾಟಲಿ ಮೂಸಿದರೆ ಗೊತ್ತಾಗಲ್ಲ ಕಣಮ್ಮ, ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜು" ಅನ್ನುತ್ತಿದ್ದರು. ಕೈಯ ಬಿಸಿಗೆ ವಾಸನೆ ಏಳುತ್ತದೆ. ಒಳ್ಳೇದಾದರೆ ಶೇಂಗಾ ಘಮ, ಶುರುವಾಗಿದ್ದರೆ ಒಣ ಹುಲ್ಲಿನ ವಾಸನೆ, ಪೂರ್ತಿ ಕೆಟ್ಟಿದ್ದರೆ ಹಳೇ ಪೇಂಟ್ ಡಬ್ಬದ ವಾಸನೆ. ಆ ಎಣ್ಣೆಯಲ್ಲಿ ಕರಿದ ಚಕ್ಕುಲಿ ಮೊದಲ ದಿನ ಪರವಾಗಿಲ್ಲ ಅನ್ನಿಸಿದರೂ ಡಬ್ಬದಲ್ಲಿ ಬೇಗ ಕಮಟಾಗುತ್ತದೆ, ಅದಕ್ಕೇ ನಾನು ಹುಲ್ಲಿನ ವಾಸನೆ ಬಂದ ಎಣ್ಣೆಯನ್ನೂ ತಿಂಡಿಗೆ ಹಾಕುವುದಿಲ್ಲ.

ಎಲ್ಲಾ ಎಣ್ಣೆಗೂ ಒಂದೇ ಲೆಕ್ಕ ಅಲ್ಲ. ಹುಚ್ಚೆಳ್ಳು ಎಣ್ಣೆ ಕಡಲೆಕಾಯಿಗಿಂತ ಬೇಗ ಕೆಡುತ್ತದೆ, ಆಮ್ಲಜನಕಕ್ಕೆ ಸುಲಭವಾಗಿ ಸಿಗುವ ಲಿನೋಲಿಕ್ ಅಂಶ ಅದರಲ್ಲಿ ಬಹಳ. ಅದನ್ನು ಅರ್ಧ ಲೀಟರಿನ ಬಾಟಲಿಗಳಲ್ಲೇ ಇಡುತ್ತೇನೆ. ಕೊಬ್ಬರಿ ಎಣ್ಣೆಗೆ ಗಾಳಿ ಅಷ್ಟು ಬೇಗ ತಟ್ಟುವುದಿಲ್ಲ, ಆದರೆ ನೀರು ಸೇರಿದರೆ ಸೋಪಿನ ರುಚಿ ಬರುತ್ತದೆ. ಹಾಸನದ ಚಳಿಗೆ ಗಟ್ಟಿಯೂ ಆಗುತ್ತದಲ್ವಾ, ಅದಕ್ಕೆ ಅಗಲ ಬಾಯಿಯ ಸ್ಟೀಲ್ ಡಬ್ಬ ಮತ್ತು ಅದಕ್ಕೇ ಅಂತ ಒಂದು ಒಣ ಚಮಚ ಇಟ್ಟಿದ್ದೇನೆ.