ಡೀಲರ್ ಮಾಡಿದ ಟ್ರೇಡು, ನಾನಂದ ಒಂದು ‘ಹೂಂ’

“ಬ್ರೋಕರ್ ಕೈಯಿಂದ ದುಡ್ಡು ವಾಪಸ್ಸಾ? ಮರೆತುಬಿಡಿ ಭಾವ” ಅಂದಿದ್ದ ಡೊಂಬಿವಲಿಯ ನನ್ನ ಭಾವಮೈದ. 58 ಸಾವಿರ ಚಿಲ್ಲರೆ ಖಾತೆಗೆ ಬಿದ್ದ ದಿನ ಸ್ಕ್ರೀನ್‌ಶಾಟ್ ಮೊದಲು ಹೋಗಿದ್ದು ಅವನಿಗೇ.

ನಾನು ಹೇಳದೆ, ಷೇರು ಬ್ರೋಕರ್ ಕಚೇರಿಯಲ್ಲಿ ಗ್ರಾಹಕರ ಆರ್ಡರ್ ಹಾಕುವ ಡೀಲರ್ ನನ್ನ ಖಾತೆಯಲ್ಲಿ ಆಪ್ಷನ್ಸ್ ಆಡಿದ್ದ. ಹನ್ನೊಂದು ಟ್ರೇಡು, ನಷ್ಟ ಸುಮಾರು 84 ಸಾವಿರ. ಬ್ರೋಕರ್‌ಗೆ ಮೇಲ್ ಹಾಕಿದರೆ “ಪರಿಶೀಲಿಸುತ್ತಿದ್ದೇವೆ” ಅನ್ನೋ ಒಂದೇ ಉತ್ತರ.

ಷೇರುಪೇಟೆ ನಿಯಂತ್ರಕ ಸೆಬಿಯ ದೂರು ತಾಣ ಸ್ಕೋರ್ಸ್‌ನಲ್ಲಿ ಮೊದಲ ದೂರು ನಾನೇ ಕೆಡಿಸಿಕೊಂಡೆ. ಬ್ರೋಕರೇಜ್ ಜಾಸ್ತಿ, ಮಾರ್ಜಿನ್ ದಂಡ, ಡೀಲರನ ಒರಟು ಮಾತು, ಎಲ್ಲ ತುಂಬಿದ್ದೆ. ಬ್ರೋಕರ್‌ಗೆ ಉತ್ತರಿಸಲು 21 ದಿನ ಇರುತ್ತೆ. ಅವರು ಬ್ರೋಕರೇಜ್ ಬಗ್ಗೆ ಮಾತ್ರ ಬರೆದು ಕೈ ತೊಳೆದುಕೊಂಡರು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ರಿವ್ಯೂ ಕೇಳಬೇಕು. ನಾನು ಎದ್ದಿದ್ದು ಹದಿನಾಲ್ಕನೇ ದಿನ ರಾತ್ರಿ!

ಈ ಸಲ ಒಂದೇ ಪ್ರಶ್ನೆ ಹಾಕಿದೆ: ಈ ಹನ್ನೊಂದು ಆರ್ಡರ್ ನಾನು ಕೊಟ್ಟೆ ಅನ್ನೋದಕ್ಕೆ ಪುರಾವೆ ಎಲ್ಲಿ? 2018ರ ಮಾರ್ಚ್‌ನಲ್ಲಿ ಸೆಬಿ ಹೊರಡಿಸಿದ ಸುತ್ತೋಲೆ ಪ್ರಕಾರ ವಿವಾದ ಬಂದಾಗ ಕಾಲ್ ರೆಕಾರ್ಡಿಂಗ್, ಮೇಲ್, ಲಾಗ್ ಹೀಗೆ ಏನಾದರೊಂದು ತೋರಿಸೋದು ಬ್ರೋಕರನ ಹೊಣೆ. ರಿವ್ಯೂ ಸ್ಟಾಕ್ ಎಕ್ಸ್‌ಚೇಂಜ್‌ಗೆ ಹೋಯಿತು. ಇಬ್ಬರ ಮಾತೂ ಬೇರೆ ಬೇರೆ ಇದ್ದಿದ್ದರಿಂದ ಅಲ್ಲೂ ಮುಗಿಯಲಿಲ್ಲ. ಆಮೇಲೆ ಇಂಥ ವಿವಾದಗಳನ್ನ ಆನ್‌ಲೈನಲ್ಲೇ ಬಗೆಹರಿಸುವ smartodr.in ಹಿಡಿದೆ. ಅಲ್ಲಿ ಮೊದಲು ಕನ್ಸಿಲಿಯೇಷನ್, ಅಂದರೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋದು, ಹೂಡಿಕೆದಾರರಿಗೆ ಫೀಸಿಲ್ಲ. ಅದೂ ಫಲಿಸದಿದ್ದರೆ ಮಧ್ಯಸ್ಥರೇ ತೀರ್ಪು ಕೊಡುವ ಆರ್ಬಿಟ್ರೇಷನ್, ಅದಕ್ಕೆ ಫೀಸುಂಟು.

ಕಾಯೋ ಹೊತ್ತಲ್ಲಿ ಒಂದು ಪ್ರಯೋಗ ಮಾಡಿದೆ. ಟ್ರೇಡ್ ಆದ ದಿನ ಬ್ರೋಕರ್ ಕಳಿಸುವ ಲೆಕ್ಕದ ಚೀಟಿ, ಅಂದರೆ ಕಾಂಟ್ರಾಕ್ಟ್ ನೋಟ್‌ನಲ್ಲಿ ಆರ್ಡರ್ ಸಮಯ ಇರುತ್ತಲ್ವಾ, ಅದನ್ನ ನನ್ನ ಮೊಬೈಲ್ ಕಾಲ್ ವಿವರದ ಪಕ್ಕ ಇಟ್ಟೆ. ಒಂಬತ್ತು ಆರ್ಡರ್‌ಗೆ ಮುಂಚೆ ಡೀಲರ್‌ನಿಂದ ಒಂದು ಕಾಲೂ ಇಲ್ಲ. ಅವುಗಳಲ್ಲಿ ಮೂರು ಆರ್ಡರ್ ಬಿದ್ದ ಹೊತ್ತಿಗೆ ನಾನು ಲೋಕಲ್ ಟ್ರೇನಲ್ಲಿ ನೇತಾಡುತ್ತಿದ್ದೆ. ಈ ಒಂದು ಪುಟದ ಟೇಬಲ್ಲೇ ಕೆಲಸ ಮಾಡಿದ್ದು.

ಕನ್ಸಿಲಿಯೇಷನ್‌ನ ವಿಡಿಯೋ ಕಾಲ್‌ನಲ್ಲಿ ಬ್ರೋಕರ್ ಕಡೆಯವರು, “ಕಾಂಟ್ರಾಕ್ಟ್ ನೋಟ್ ದಿನಾ ಹೋಗಿದೆ, ಇವರು ಆಕ್ಷೇಪವೇ ಎತ್ತಿಲ್ಲ” ಅಂದರು. ಎದೆ ಧಸಕ್ ಅಂತು, ಯಾಕಂದ್ರೆ ಆ ಮೇಲ್‌ಗಳನ್ನ ನಾನು ತೆರೆದೇ ಇರಲಿಲ್ಲ. ತಾಂತ್ರಿಕ ತೊಂದರೆಯಿಂದ ಪುರಾವೆ ಸಿಗದಿದ್ದರೆ ಟ್ರೇಡ್ ಆದಮೇಲಿನ ನಮ್ಮ ಒಪ್ಪಿಗೆ, ಅದಕ್ಕೆ ನಾವು ಕಟ್ಟಿದ ದುಡ್ಡು ಇವನ್ನೂ ನೋಡುತ್ತಾರೆ ಅಂತ ಅದೇ ಸುತ್ತೋಲೆಯಲ್ಲಿದೆ. ಪುಣ್ಯಕ್ಕೆ ನಾನು ಹೊಸದಾಗಿ ದುಡ್ಡು ಹಾಕಿರಲಿಲ್ಲ. ತಾಂತ್ರಿಕ ತೊಂದರೆ ಅಂತ ಅವರೂ ಹೇಳಲಿಲ್ಲ.

ಅವರ ಹತ್ರ ಇದ್ದಿದ್ದು ಎರಡೇ ರೆಕಾರ್ಡಿಂಗ್. ಒಂದರಲ್ಲಿ ಡೀಲರ್ “ತಗೊಳ್ಳಲಾ ಸರ್?” ಅಂದ. ತಿಂಡಿ ತಿನ್ನುತ್ತಾ ನಾನಂದೆ, “ಹೂಂ.” ಇನ್ನೊಂದೂ ಹಾಗೇ. ಆ ಎರಡು ಟ್ರೇಡಿನ 22 ಸಾವಿರದ ಹತ್ತಿರ ಹೋಯಿತು. ಉಳಿದ ಒಂಬತ್ತಕ್ಕೆ ಸ್ವಲ್ಪ ಚೌಕಾಸಿ ಮಾಡಿ ಒಪ್ಪಿಕೊಂಡರು. ಭಾವಮೈದ ಈಗ ತನ್ನ ಕಾಂಟ್ರಾಕ್ಟ್ ನೋಟ್‌ಗಳನ್ನ ನನಗೆ ಫಾರ್ವರ್ಡ್ ಮಾಡುತ್ತಿದ್ದಾನೆ.